ಸಣ್ಣಕ್ಷರದ ನಮಸ್ಕಾರ

ಬೆಂಗಳೂರಿನ ಸಾರಕ್ಕಿ ಸಿಗ್ನಲ್ ದಾಟಿ ಸ್ವಲ್ಪ ಮುಂದೆ, ನಲ್ಲಿ, ಪೈಪು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕೆಲಸ ಮಾಡುವ ಆಫೀಸಿದೆ. ಬೇರೆಯವರ ಪರವಾಗಿ ಉತ್ತರ ಬರೆಯುವುದು ನಮ್ಮ ಕಸುಬು. ನನ್ನ ಪಾಲಿಗೆ ಬಂದದ್ದು ಒಂದು ಕಣ್ಣಿನ ಆಸ್ಪತ್ರೆ. ರೋಗಿಗಳು ಆ ಆಸ್ಪತ್ರೆಯ ಮೊಬೈಲ್ ನಂಬರಿಗೆ ಮೆಸೇಜ್ ಹಾಕಿದರೆ ಅದು ನಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಡಾಕ್ಟರು ಯಾವತ್ತು ಸಿಗುತ್ತಾರೆ, ಹಳೆಯ ಚೀಟಿ ತರಬೇಕೆ, ಕನ್ನಡಕ ಎಂದು ಕೊಡುತ್ತಾರೆ, ಇಂಥವಕ್ಕೆ ನಾವು ಉತ್ತರಿಸುತ್ತೇವೆ. ಔಷಧಿಯ ವಿಷಯ ಬಂದರೆ ನರ್ಸಿಗೆ ಕಳಿಸುತ್ತೇವೆ. ಕನ್ನಡದ ಮೆಸೇಜುಗಳೆಲ್ಲ ಬಹಳ ಕಾಲ ನನ್ನೊಬ್ಬಳಿಗೇ ಬರುತ್ತಿದ್ದವು. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಇದೆಂಥ ಕೆಲಸ ಎಂದು ಮನೆಗೆ ಬಂದ ನೆಂಟರು ಕೇಳುತ್ತಿದ್ದರು. ಆದರೆ ಇಡೀ ಆಫೀಸಿನಲ್ಲಿ ಕನ್ನಡ ಅಂದರೆ ನನ್ನ ಟೇಬಲ್ಲು ಎನ್ನುವುದು ನನಗೆ ಇಷ್ಟವಾಗಿತ್ತು.

ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ನಮ್ಮ ಕಡೆಯವರು ಮೊದಲ ಮೆಸೇಜಿನಲ್ಲಿ ಪ್ರಶ್ನೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರು "ನಾಳೆ ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಬೇಕು" ಎಂದು ನೇರವಾಗಿ ಶುರುಮಾಡುತ್ತಾರೆ. ಕನ್ನಡದವರು ಒಂದೇ ಒಂದು ಪದ ಹಾಕಿ ಸುಮ್ಮನಾಗುತ್ತಾರೆ: namaskara. ಅಷ್ಟೇ. ಅದೂ ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲಾ ಸಣ್ಣಕ್ಷರ, ಕೊನೆಗೆ ಚುಕ್ಕಿಯಿಲ್ಲ. ಕೆಲವರು namskara ಎನ್ನುತ್ತಾರೆ, ಕೆಲವರು namaskaara. ಬಾಗಿಲ ಹೊರಗೆ ನಿಂತು ಒಮ್ಮೆ ಕರೆದು, ಒಳಗಿನಿಂದ ದನಿ ಬರಲಿ ಎಂದು ಕಾಯುವ ಹಾಗೆ. ದನಿ ಬಂದ ಮೇಲೆ ವಿಷಯ.

ಆ ಒಂದು ಪದದಿಂದ ಎಷ್ಟು ತಿಳಿದುಕೊಳ್ಳಬಹುದು ಎಂದು ನಾನು ಯೋಚಿಸಿದ್ದುಂಟು. ಕೊನೆಯ a ಮುಖ್ಯ. ಅದಿಲ್ಲದೆ namaskar ಎಂದಿದ್ದರೆ ಹಿಂದಿಯವರೋ ಮರಾಠಿಯವರೋ ಇರಬಹುದು. ಕೊನೆಗೆ m ಇದ್ದರೆ ತೆಲುಗಿನವರು ಅಥವಾ ಮಲಯಾಳಿಗಳು. namaskara ಅಂದರೆ ಬಹುಮಟ್ಟಿಗೆ ನಮ್ಮವರು. ಒಮ್ಮೆ ಮಾತ್ರ ಒಬ್ಬ ಒಡಿಯಾ ಹುಡುಗ ಹಾಗೆ ಬರೆದಿದ್ದ, ಅವರಲ್ಲೂ ಆ ಕೊನೆಯ ಅಕಾರ ಉಳಿದಿದೆ. ಹೀಗೆ ಭಾಷೆ ಯಾವುದೆಂದು ನನಗೆ ತಿಳಿಯುತ್ತಿತ್ತು. ಅಕ್ಷರದ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಭಾಷೆ ಕನ್ನಡವಾದರೆ ಉತ್ತರ ಕನ್ನಡ ಲಿಪಿಯಲ್ಲೇ ಇರಬೇಕು, ಅದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ. ನನ್ನ ಉತ್ತರ ಹೀಗಿರುತ್ತಿತ್ತು: "ನಮಸ್ಕಾರ. ನಮ್ಮ ಆಸ್ಪತ್ರೆಯನ್ನು ಸಂಪರ್ಕಿಸಿದ್ದಕ್ಕಾಗಿ ಧನ್ಯವಾದಗಳು. ವೈದ್ಯರ ಭೇಟಿ, ಶಸ್ತ್ರಚಿಕಿತ್ಸೆ, ಕನ್ನಡಕ, ಇವುಗಳಲ್ಲಿ ಯಾವುದರ ಕುರಿತು ತಮಗೆ ಮಾಹಿತಿ ಬೇಕು ಎಂದು ದಯವಿಟ್ಟು ತಿಳಿಸಿ." ಒಂದೂ ತಪ್ಪಿರುತ್ತಿರಲಿಲ್ಲ. ಒತ್ತಕ್ಷರ, ದೀರ್ಘ ಎಲ್ಲಾ ಸರಿ. ತುಂಬಾ ಜನ ಅದನ್ನು ಓದಿ ಸುಮ್ಮನಾಗುತ್ತಿದ್ದರು. ಫೋನ್ ಮಾಡಿರುತ್ತಾರೆ ಎಂದು ನಾನು ತಿಳಿದಿದ್ದೆ.

ಕನ್ನಡದ ಮೆಸೇಜುಗಳು ಹೆಚ್ಚಾದಾಗ ಇನ್ನೊಬ್ಬಳನ್ನು ತೆಗೆದುಕೊಂಡರು. ಬಾಗಲಕೋಟೆ ಕಡೆಯವಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಬಿ.ಕಾಂ. ಮಾಡಿ ಬಂದವಳು. ಬಿಟಿಎಂ ಬಡಾವಣೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗಿದ್ದಳು. ಅವಳ ಕುರ್ಚಿಯನ್ನು ನನ್ನ ಪಕ್ಕಕ್ಕೇ ಹಾಕಿದರು. ನಾನು ಅವಳನ್ನು ನೀವು ಎಂದೇ ಕರೆದೆ. ಅವಳಿಗೆ ಅದು ಹಿಡಿಸಲಿಲ್ಲ.

"ಅಕ್ಕಾರ, ನನಗ್ಯಾಕ್ರೀ ನೀವು? ನೀ ಅನ್ರೀ. ನಮಗ ಪಾಠಾ ಹೇಳ್ತಿದ್ದ ಸಾಲಿ ಬಾಯಾರ ನೆನಪಾಗ್ತಾರ."

"ನನಗೆ ಅಭ್ಯಾಸ ಆಗಲಿ," ಅಂದೆ. ಆಗಲಿಲ್ಲ.

ಮೊದಲ ದಿನ ನನ್ನ ಉತ್ತರವನ್ನು ಮಾದರಿಯಾಗಿ ತೋರಿಸಿದೆ. ಅವಳು ಸ್ಕ್ರೀನಿನ ಹತ್ತಿರ ಬಗ್ಗಿ ಪೂರ್ತಿ ಓದಿದಳು.

"ಭಾಳ ಚಂದ ಅದ ರೀ," ಅಂದಳು. ಆಮೇಲೆ, "ಆದ್ರ ಅಕ್ಕಾರ, ಅವ್ರು ಬಾಗ್ಲಾ ಬಡದಾರ. ನೀವು ಬರ್ರಿ ಅನ್ನೂದು ಬಿಟ್ಟು ಮನಿ ನಕ್ಷಾನ ಕೈಯಾಗ ಕೊಟ್ಟೀರಲ್ಲ?"

ಎದುರು ಸಾಲಿನಲ್ಲಿ ಇಂಗ್ಲಿಷ್ ಮೆಸೇಜು ನೋಡುವ ಹುಡುಗರು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಅವಳ ಮೊದಲ namaskara ಬಂದಾಗ ನಾನು ನೋಡುತ್ತಲೇ ಇದ್ದೆ. ಅವಳು ಕನ್ನಡ ಕೀಬೋರ್ಡಿಗೆ ಬದಲಾಯಿಸಲೇ ಇಲ್ಲ. ಎರಡು ಪದ ಒತ್ತಿ ಕಳಿಸಿಬಿಟ್ಟಳು: Namaskara, heli. ಆ ಕಡೆಯಿಂದ ತಕ್ಷಣ ಉತ್ತರ ಬಂತು. ಅಪ್ಪನಿಗೆ ಪೊರೆ ಬಂದಿದೆಯಂತೆ, ಯಾವ ಡಾಕ್ಟರು ಒಳ್ಳೆಯವರು, ಲಿಫ್ಟ್ ಇದೆಯಾ, ಆಟೋ ಒಳಗೆ ಬಿಡುತ್ತಾರಾ, ಒಂದರ ಹಿಂದೆ ಒಂದು. ಎಲ್ಲಾ ಇಂಗ್ಲಿಷ್ ಅಕ್ಷರದ ಕನ್ನಡ. ಅವಳೂ ಹಾಗೇ ಉತ್ತರಿಸುತ್ತಾ ಹೋದಳು. ಇಬ್ಬರೂ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದ ಹಾಗಿತ್ತು.

"ಕನ್ನಡ ಲಿಪಿಯಲ್ಲಿ ಬರೆಯೋಕೆ ಬರುತ್ತಲ್ಲಾ ನಿಮಗೆ?" ಎಂದು ಕೇಳಿದೆ.

"ಬರತದ ರೀ. ಅವ್ರು ಹೆಂಗ ಬರದಾರೋ ಹಂಗ ಬರದೆ. ಅವ್ರು ಚಪ್ಲಿ ಬಿಟ್ಟು ಬಂದ್ರ ನಾವೂ ಬಿಡೂದು, ಅವ್ರು ಹಾಕ್ಕೊಂಡ ಬಂದ್ರ ನಾವೂ ಹಾಕ್ಕೊಳ್ಳೂದು."

ಇಂಥ ಒಂಟಿ ಪದಕ್ಕೆ ಅವಳು ಒಂದು ಹೆಸರೂ ಇಟ್ಟಳು. ಬೋಳು ನಮಸ್ಕಾರ. ವಾರದೊಳಗೆ ಇಡೀ ಆಫೀಸು ಹಾಗೇ ಕರೆಯತೊಡಗಿತು. ಇಂಗ್ಲಿಷ್ ಹುಡುಗರು ಕೂಡ, "ಮೇಡಂ, ನಿಮ್ ಕಡೆ ಒಂದು ಬೋಳು ಬಂದಿದೆ" ಎನ್ನುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ನೋಡಿಕೊಂಡು ಕೂತಿದ್ದೆ, ಹೆಸರಿಡಬೇಕು ಅನಿಸಿರಲಿಲ್ಲ. ಹೆಸರು ಕೂಡ ಅವಳದಾಯಿತು ಎನ್ನುವುದು ನನಗೆ ಉತ್ತರಕ್ಕಿಂತ ಹೆಚ್ಚು ಚುಚ್ಚಿತು.

ಆಗ ಮ್ಯಾನೇಜರ್ ಮೇಡಂ ನಮ್ಮಿಬ್ಬರನ್ನೂ ಗಾಜಿನ ಕೋಣೆಗೆ ಕರೆದರು. ಜಯನಗರದಲ್ಲೇ ಹುಟ್ಟಿ ಬೆಳೆದವರು, ಸುತ್ತಿ ಬಳಸಿ ಮಾತಾಡುವವರಲ್ಲ.

"ನೋಡಿ, ಮೊದಲ್ನೇ ರಿಪ್ಲೈ ಎಲ್ಲಾ ಇನ್ನು ಆಟೋಮ್ಯಾಟಿಕ್ ಆಗುತ್ತೆ. ಯಾರಾದ್ರೂ ನಮಸ್ಕಾರ ಅಂದ್ರೆ ಮೆಷಿನ್ನೇ ಉತ್ತರ ಕೊಡುತ್ತೆ, ಆಮೇಲೆ ಮನುಷ್ಯರು ಎತ್ಕೋತಾರೆ. ಆ ಉತ್ತರ ಬರೆಯೋಕೆ, ಅದನ್ನ ನೋಡ್ಕೊಳ್ಳೋಕೆ, ಕನ್ನಡಕ್ಕೆ ಒಬ್ರು ಸಾಕು. ಇನ್ನೊಬ್ರು ಇಂಗ್ಲಿಷ್ ಕಡೆ ಹೋಗ್ತೀರಾ. ಸಂಬಳದಲ್ಲಿ ವ್ಯತ್ಯಾಸ ಇಲ್ಲ, ಅದರ ಟೆನ್ಷನ್ ಬೇಡ."

"ಯಾರು ಅಂತ ಹೇಗೆ ತೀರ್ಮಾನ ಮಾಡ್ತೀರಾ ಮೇಡಂ?" ಎಂದೆ.

"ಬೋಳು ನಮಸ್ಕಾರಗಳನ್ನ ಇಬ್ರಿಗೂ ಸಮ ಹಂಚ್ತೀನಿ. ನೀವು ನಿಮ್ಮ ಥರ ಉತ್ತರ ಕೊಡಿ, ಅವಳು ಅವಳ ಥರ. ಯಾರ ಉತ್ತರಕ್ಕೆ ಜನ ಕೆಲ್ಸ ಮುಗಿಯೋ ತನಕ ಮಾತಾಡ್ತಾರೋ ನೋಡೋಣ. ತಿಂಗಳ ಕೊನೇಲಿ ಹೇಳ್ತೀನಿ."

ಹೊರಗೆ ಬಂದಾಗ ಅವಳು, "ಅಕ್ಕಾರ, ನಿಮಗ ಸಿಗತದ ಬಿಡ್ರಿ. ನೀವು ಓದಿದೋರು," ಅಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು.

ಆ ತಿಂಗಳು ನಾನು ಕಂಡ ಹೊಟ್ಟೆಕಿಚ್ಚನ್ನು ಹಿಂದೆಂದೂ ಕಂಡಿರಲಿಲ್ಲ. ಕಾಲೇಜಿನಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವರನ್ನು ನೋಡಿದ್ದೇನೆ, ಚಂದದ ಹುಡುಗಿಯರನ್ನು ನೋಡಿದ್ದೇನೆ, ಅದು ಬಂದು ಹೋಗುವ ಬೇಸರ. ಇದು ಪಕ್ಕದಲ್ಲೇ ಕೂತಿತ್ತು. ರೋಗಿ ಮರುಉತ್ತರ ಕೊಟ್ಟಾಗ ಕಂಪ್ಯೂಟರು ಸಣ್ಣಗೆ ಟಿಂಗ್ ಎನ್ನುತ್ತದೆ. ನಾನು ನನ್ನ ಸ್ಕ್ರೀನ್ ನೋಡುತ್ತಾ ಅವಳ ಟಿಂಗ್ ಕೇಳಿಸಿಕೊಳ್ಳುತ್ತಿದ್ದೆ. ಅವಳು ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಕಷ್ಟ, ಕೇಳಿಸದೆ ಇದ್ದದ್ದನ್ನೆಲ್ಲಾ ಊಹಿಸಬೇಕಾಗುತ್ತಿತ್ತು. ಮಧ್ಯಾಹ್ನ ಅವಳು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೆ ಅರ್ಧ ಆಫೀಸು ಅವಳ ಸುತ್ತ ಸೇರುತ್ತಿತ್ತು. ಅವಳು ಮೊದಲು ನನಗೇ ಒಂದು ರೊಟ್ಟಿ ಮುರಿದು ಕೊಡುತ್ತಿದ್ದಳು. ತಿನ್ನುತ್ತಿದ್ದೆ. ಚೆನ್ನಾಗಿರುತ್ತಿತ್ತು. ಅದಕ್ಕೂ ಸಿಟ್ಟು ಬರುತ್ತಿತ್ತು.

ಹಳೆಯ ಮಾತುಕತೆಗಳನ್ನು ಇಬ್ಬರೂ ತೆರೆದು ನೋಡಬಹುದಿತ್ತು. ಅವಳವನ್ನು ನಾನು ಓದತೊಡಗಿದೆ. ಅವಳಿಗೆ ಏನು ಗೊತ್ತು, ನನಗೆ ಏನು ಗೊತ್ತಿಲ್ಲ ಎಂದು ಹುಡುಕುತ್ತಿದ್ದೆ. ಮೊದಮೊದಲು ಸಿಕ್ಕಿದ್ದೆಲ್ಲಾ ತಪ್ಪುಗಳೇ. ಒಂದೇ ಪದವನ್ನು ಬೆಳಿಗ್ಗೆ beku ಎಂದರೆ ಮಧ್ಯಾಹ್ನ beeku ಎಂದು ಬರೆದಿರುತ್ತಿದ್ದಳು. ನಿಯಮವೇ ಇಲ್ಲ. ಆದರೆ ಸರಿಯಾಗಿ ನೋಡಿದ ಮೇಲೆ ಒಂದು ವಿಷಯ ಕಂಡಿತು. ರೋಗಿ beku ಎಂದರೆ ಅವಳೂ beku. ರೋಗಿ beeku ಎಂದರೆ beeku. ಬೆಂಗಳೂರಿನವರಿಗೆ heli, ಅವಳ ಕಡೆಯವರು ಯಾರಾದರೂ ri ಸೇರಿಸಿ ಬರೆದರೆ ಮಾತ್ರ helri. ಯಾರೋ ಒಬ್ಬರು namaste ಎಂದಷ್ಟೇ ಬರೆದಾಗ ಅವಳು ಕನ್ನಡವೆಂದು ಊಹಿಸಲಿಲ್ಲ, namaste ಎಂದಷ್ಟೇ ತಿರುಗಿ ಹೇಳಿ ಕಾದಿದ್ದಳು. ಯಾರನ್ನೂ ತಿದ್ದಿರಲಿಲ್ಲ. ಯಾರಿಗೂ ಪಟ್ಟಿ ಕೊಟ್ಟಿರಲಿಲ್ಲ. ಇದನ್ನು ಅವಳು ಯೋಚಿಸಿ ಮಾಡುತ್ತಿದ್ದಾಳೋ ಹಾಗೇ ಬರುತ್ತದೋ ಎಂದು ತಿಳಿಯಲಿಲ್ಲ. ಯೋಚಿಸಿ ಮಾಡುತ್ತಿದ್ದರೆ ನಾನೂ ಕಲಿಯಬಹುದಿತ್ತು. ಹಾಗೇ ಬರುವುದಾದರೆ ಏನು ಮಾಡುವುದು.

ಬನಶಂಕರಿಯ ನಮ್ಮ ಮನೆಯಲ್ಲಿ ಅಮ್ಮ ಊಟದ ಟೇಬಲ್ಲಿಗೆ ಕೂತು ತನ್ನ ಗೆಳತಿಯರ ಗುಂಪಿಗೆ ಮೆಸೇಜು ಹಾಕುತ್ತಿದ್ದಳು. ಹಿಂದಿನಿಂದ ನೋಡಿದೆ. oota aytha. ಇಂಗ್ಲಿಷ್ ಅಕ್ಷರ. ಜೀವನವೆಲ್ಲಾ ಕನ್ನಡದಲ್ಲೇ ಪತ್ರ ಬರೆದವಳು.

"ಅಮ್ಮ, ನೀನ್ಯಾಕೆ ಕನ್ನಡದಲ್ಲಿ ಬರೆಯಲ್ಲ? ಕೀಬೋರ್ಡ್ ನಾನೇ ಹಾಕ್ಕೊಟ್ಟಿದ್ದೆನಲ್ಲ."

"ಬರೀತಿದ್ದೆ ಕಣೆ. ಒಂದ್ಸಲ ಹಾಲು ತಗೊಂಬಾ ಅನ್ನೋದಕ್ಕೆ ಹಾಳು ಅಂತ ಬಿತ್ತು. ನೀನು ವಾರವೆಲ್ಲಾ ಆಡ್ಕೊಂಡು ನಕ್ಕೆ."

"ಅದು ತಮಾಷೆಗೆ."

"ನಿಂಗೆ ತಮಾಷೆ. ಈಗ haalu ಅಂತ ಹಾಕ್ತೀನಿ. ಹಾಲೋ ಹಾಳೋ ನೀನೇ ಅರ್ಥ ಮಾಡ್ಕೋ. ಇದರಲ್ಲಿ ತಪ್ಪು ಅನ್ನೋದೇ ಇಲ್ಲ ನೋಡು, ಯಾರೂ ಕಾಪಿ ತಿದ್ದಲ್ಲ." ಮತ್ತೆ ಫೋನಿಗೆ ತಿರುಗಿದಳು. "ನಿನ್ ಆಫೀಸ್ ಥರ ನಂಗೆ ಧನ್ಯವಾದಗಳು ಅಂತ ಕಳಿಸ್ಬೇಡ. ಭಯ ಆಗುತ್ತೆ."

ಅವಳು ನಗುತ್ತಲೇ ಹೇಳಿದಳು. ನಾನು ತಟ್ಟೆ ಎತ್ತಿಟ್ಟೆ. ನನ್ನ ಉತ್ತರ ನೋಡಿ ಸುಮ್ಮನಾದವರೆಲ್ಲ ನನ್ನಮ್ಮನ ಹಾಗೆ ಇದ್ದಿರಬಹುದು. ಅವರಿಗೆ ಕನ್ನಡ ಓದಲು ಚೆನ್ನಾಗಿಯೇ ಬರುತ್ತದೆ. ಆದರೆ ಶುದ್ಧ ಕನ್ನಡ ಲಿಪಿಯಲ್ಲಿ ಉತ್ತರ ಬಂದ ಕೂಡಲೇ ತಾವೂ ಹಾಗೇ ಬರೆಯಬೇಕೇನೋ ಅನಿಸುತ್ತದೆ, ಬರೆದರೆ ತಪ್ಪಾದೀತು ಅನಿಸುತ್ತದೆ, ಆಮೇಲೆ ಬರೆಯುವುದೇ ಇಲ್ಲ. ಇದು ಆ ಬಾಗಲಕೋಟೆಯವಳಿಗೆ ಯಾರೂ ಹೇಳದೆ ಗೊತ್ತಿತ್ತು.

ಮರುದಿನ ನಾನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ನಿರ್ಧರಿಸಿದೆ. ಉತ್ತರ ನನ್ನ ಥರದ್ದೇ ಇರಲಿ ಎಂದು ಮೇಡಂ ಹೇಳಿದ್ದರು, ಲಿಪಿ ಯಾವುದು ಎಂದು ಹೇಳಿರಲಿಲ್ಲ. ಮೊದಲ ಬೋಳು ನಮಸ್ಕಾರ ಬಂದಾಗ ಬೆರಳು ಇಟ್ಟೆ. ಒಂದು ಕ್ಷಣ ತಡೆದೆ. "ಹೇಳಿ" ಎನ್ನುವುದರಲ್ಲಿ ಏ ದೀರ್ಘ, ಳ ಮೂರ್ಧನ್ಯ, ನಾಲಿಗೆ ಮಡಚಿ ಹೇಳುವುದು. ಎಂ.ಎ.ಯಲ್ಲಿ ಎರಡು ವರ್ಷ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ರೀತಿಯಲ್ಲೇ ಕೈ ಓಡಿತು. ದೀರ್ಘಕ್ಕೆ ದೊಡ್ಡಕ್ಷರ, ಳಕಾರಕ್ಕೆ ದೊಡ್ಡಕ್ಷರ. ಹೀಗೆ ಹೋಯಿತು:

namaskAra. hELi, Enu sahAya bEku?

ಒಂದಕ್ಷರವೂ ತಪ್ಪಿಲ್ಲ. ಯಾರು ಬೇಕಾದರೂ ಅದನ್ನು ಕನ್ನಡ ಲಿಪಿಗೆ ತಿರುಗಿಸಿದರೆ ಸರಿಯಾಗಿ ಬರುತ್ತದೆ. ನನ್ನ ಕಂಪ್ಯೂಟರು ಟಿಂಗ್ ಎಂದಿತು. ಉತ್ತರ: idu OTP na?

ಇನ್ನೊಬ್ಬರಿಗೆ ಕಳಿಸಿದೆ. ಅವರು ಬರೆದರು: yaake kirchtidira. ಮೆಸೇಜಿನಲ್ಲಿ ದೊಡ್ಡಕ್ಷರ ಹಾಕಿದರೆ ಕಿರುಚಿದ ಹಾಗಂತೆ.

ಅವಳು ಕುರ್ಚಿ ಸರಿಸಿ ನನ್ನ ಸ್ಕ್ರೀನ್ ನೋಡಿದಳು. ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕಾರ, ಇದೇನ್ರೀ, ಅಕ್ಷರ ಒಂದೊಂದು ಎದ್ದ ನಿಂತಾವ?"

"ದೀರ್ಘ ಅದು," ಅಂದೆ. "ಹೆಲಿ ಅಂದರೆ ಹೇಳಿ ಆಗಲ್ಲ. ದೊಡ್ಡ ಇ, ದೊಡ್ಡ ಎಲ್ ಬೇಕು."

"ಹೆಲಿ ಅಂತ ಯಾರು ಓದ್ತಾರ? ಕಣ್ಣಿನ ದವಾಖಾನಿಗಿ ಬರಾವ್ರಿಗಿ ಹೆಲಿಕಾಪ್ಟರ್ ಬೇಕಾಗಿರ್ತದೇನು?"

ಎದುರು ಸಾಲಿನವನೊಬ್ಬ, "ಮೇಡಂ, ನಂಗೂ ಇಂಗೇ ಒಂದು ಪಾಸ್‌ವರ್ಡ್ ಮಾಡ್ಕೊಡಿ. ಯಾವ್ ಕಳ್ಳನೂ ಮುರಿಯಕ್ಕಾಗಲ್ಲ," ಅಂದ.

ನಾನು ಎದ್ದು ನೀರು ಕುಡಿಯಲು ಹೋದೆ. ಅವರು ನಕ್ಕದ್ದು ನನಗೆ ಅಷ್ಟೇನೂ ಅನಿಸಲಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿದರೂ ನಾನು ಅಮ್ಮ ಹೇಳಿದ ಹಾಗೆ ಕಾಪಿ ತಿದ್ದುತ್ತಲೇ ಇದ್ದೇನೆ ಎಂದು ಕಂಡದ್ದೇ ಹೆಚ್ಚು ನೋಯಿಸಿತು. ಅವಳು ಹೇಗೆ ಬರೆದರೂ ಜನ ಒಪ್ಪುತ್ತಿದ್ದರು. ನಾನು ಸರಿಯಾಗಿ ಬರೆದರೂ ಕಿರುಚಿದ ಹಾಗೆ ಕೇಳಿಸುತ್ತಿತ್ತು. ಆ ದಿನದಿಂದ ನಾನು ಕನ್ನಡ ಲಿಪಿಗೇ ಮರಳಿದೆ, ಉತ್ತರವನ್ನು ಮಾತ್ರ ಚಿಕ್ಕದು ಮಾಡಿದೆ. "ನಮಸ್ಕಾರ, ಹೇಳಿ." ಮೊದಲಿಗಿಂತ ಟಿಂಗ್ ಹೆಚ್ಚಾಯಿತು. ಅವಳಷ್ಟಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳ ಕಡೆಗೆ ಒಂದು ಬೋಳು ನಮಸ್ಕಾರ ಬಂತು. ಅವಳು ಎಂದಿನಂತೆ Namaskara, heli ಎಂದಳು. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು, ಈ ಸಲ ಕನ್ನಡ ಲಿಪಿಯಲ್ಲಿ: "ನಮಸ್ಕಾರ ಅಮ್ಮ ಶುಕ್ರವಾರ ಕಣ್ಣು ತೋರಿಸಬೇಕು ತಿಂಡಿ ತಿಂದು ಬರಬಹುದಾ." ಚುಕ್ಕಿ, ಅಲ್ಪವಿರಾಮ ಯಾವುದೂ ಇಲ್ಲ. ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ ಮಾತು ಹಾಗೇ ಇರುತ್ತದೆ. ಅವಳು ಆ ಹೊತ್ತಿಗೆ ಇನ್ನೂ ನಾಲ್ಕಾರು ಜನರ ಜೊತೆ ಮಾತಾಡುತ್ತಿದ್ದಳು. ಮೊದಲ ಪದ ನೋಡಿದ ಗುಂಗಿನಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಉತ್ತರ ಹಾಕಿದಳು: tindi tindu banni, jothege yaaradru irli. ಆ ಕಡೆ ಮೌನ. ಅವಳು ಮತ್ತೆ ಹಾಕಿದಳು: heli amma. ಮೌನ.

ನಾನು ಅದನ್ನು ನೋಡುತ್ತಿದ್ದೆ, ಎಂದಿನ ಹಾಗೆ. ಆ ಅಮ್ಮನಿಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ ಎಂದು ನನಗೆ ಹೊಳೆಯಿತು. ಮೊದಲ ಪದವನ್ನು ಮನೆಯಲ್ಲಿ ಯಾರೋ ಹಾಕಿಕೊಟ್ಟು ಹೋಗಿದ್ದಾರೆ. ಎರಡನೆಯದು ಅವರದೇ ಮಾತು. ಅಕ್ಷರ ಬದಲಾದದ್ದು ಅಲ್ಲಿ. ಬದಲಾದಾಗ ನಾವೂ ಬದಲಾಗಬೇಕಿತ್ತು.

ಮಾತು ಅಲ್ಲೇ ನಿಂತರೆ ಲೆಕ್ಕದಲ್ಲಿ ಅವಳಿಗೆ ಒಂದು ಕಡಿಮೆ ಎಂಬುದು ನನ್ನ ತಲೆಯಲ್ಲಿತ್ತು. ಇಲ್ಲ ಎಂದು ಹೇಳುವುದಿಲ್ಲ. ಆದರೆ ಒಂದು ಕಡಿಮೆಗಿಂತ, ಅವಳಿಗೆ ಕಾಣದ್ದು ನನಗೆ ಕಂಡಿತು ಎನ್ನುವುದು ಆ ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಸುಖ. ಅದನ್ನು ಒಳಗೇ ಇಟ್ಟುಕೊಳ್ಳಲು ಸಾಧ್ಯವೇ ಇರಲಿಲ್ಲ.

"ಅವರು ಲಿಪಿ ಬದಲಾಯಿಸಿದ್ದಾರೆ," ಅಂದೆ.

"ಯಾರ್ರೀ?"

"ಆ ಶುಕ್ರವಾರದವರು. ಈಗ ಕನ್ನಡದಲ್ಲಿ ಬರೆದಿದ್ದಾರೆ. ನೀವು ಇನ್ನೂ ಹಳೆಯದರಲ್ಲೇ ಇದ್ದೀರ."

ಅವಳು ಮೇಲಿನಿಂದ ಓದಿಕೊಂಡು ಬಂದಳು. "ಹೌದ ನೋಡ್ರಿ. ನಾ ಮೊದಲಿಂದಷ್ಟ ನೋಡಿದ್ನಿ." ಕೀಬೋರ್ಡನ್ನು ನನ್ನ ಕಡೆಗೆ ತಳ್ಳಿದಳು. "ನೀವ ಬರೀರಿ ಅಕ್ಕಾರ. ನಿಮ್ಮ ಕೈ ಲಗೂ ಓಡತದ."

ಬರೆದೆ. "ಅಮ್ಮ, ತಿಂಡಿ ತಿಂದು ಬನ್ನಿ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜಾಗುತ್ತೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ." ಧನ್ಯವಾದಗಳು ಎಂದು ಹಾಕಲಿಲ್ಲ.

ಟಿಂಗ್. "ಸೊಸೆ ನಮಸ್ಕಾರ ಹಾಕಿಕೊಟ್ಟು ಕೆಲಸಕ್ಕೆ ಹೋದಳು ನನಗೆ ಆ ಅಕ್ಷರ ಬರಲ್ಲ ಈಗ ಓದೋಕಾಯ್ತು ಚಿಕ್ಕಲಸಂದ್ರದಿಂದ ಬಸ್ಸು ಯಾವುದು." ಅಲ್ಲಿಂದ ಮಾತು ಬಹಳ ದೂರ ಹೋಯಿತು. ಪೂರ್ತಿ ನಾನೇ ಬರೆದೆ. ಮೆಸೇಜು ಬಂದದ್ದು ಅವಳ ಸ್ಕ್ರೀನಿಗಾದ್ದರಿಂದ ಲೆಕ್ಕ ಅವಳಿಗೇ ಹೋಯಿತು.

ತಿಂಗಳ ಕೊನೆಯಲ್ಲಿ ಮೇಡಂ ನಮ್ಮಿಬ್ಬರನ್ನೂ ಮತ್ತೆ ಕರೆದರು. ನಾನು ಆ ಅಮ್ಮನ ವಿಷಯ ಮೊದಲೇ ಹೇಳಿದೆ. ಅವಳ ತಪ್ಪು ಎಂದಲ್ಲ, ನಿಯಮ ಎಂದು. ಒಂದೇ ಪದದಿಂದ ಲಿಪಿಯ ಊಹೆ ಮಾಡಬಹುದು, ಅದು ಊಹೆ ಮಾತ್ರ. ಮುಂದಿನ ಮೆಸೇಜು ಬೇರೆ ಲಿಪಿಯಲ್ಲಿ ಬಂದರೆ ಆ ಕ್ಷಣವೇ ನಾವೂ ಬದಲಾಗಬೇಕು. ಕೊನೆಗೆ ಬರೆದದ್ದೇ ಲೆಕ್ಕ. ಇದನ್ನು ನಾನು ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿಕೊಂಡು ಬಂದಿದ್ದೆ.

ಮೇಡಂ ತಲೆಯಾಡಿಸಿದರು. "ಕರೆಕ್ಟ್. ಇದನ್ನ ಹಾಗೇ ಹಾಕ್ಸೋಣ. ಮೆಷಿನ್‌ಗೂ ಹಾಕ್ಸೋಣ, ಜನಕ್ಕೂ ಹೇಳೋಣ." ಆಮೇಲೆ ಲೆಕ್ಕದ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡರು. "ಆದ್ರೆ ಅದು ಒಂದ್ಸಲ ಹಾಕಿದ್ರೆ ಮುಗೀತು. ಆ ಮೊದಲ್ನೇ ಮಾತಿದೆಯಲ್ಲ, ಅದನ್ನ ದಿನಾ ನೋಡ್ಕೋಬೇಕು. ಜನ ಹೇಗೆ ಬರೀತಾರೆ, ಅದಕ್ಕೆ ಹೇಗೆ ಅನ್ಬೇಕು ಅಂತ. ಅದು ಇವಳಿಗೆ ಬರುತ್ತೆ. ಲೆಕ್ಕ ನೋಡಿದ್ರೂ ಇವಳದೇ ಜಾಸ್ತಿ."

"ಮೇಡಂ, ಆ ಅಮ್ಮನ್ನ ಅಕ್ಕಾರ ಮಾತಾಡ್ಸಿದ್ರು," ಎಂದು ಅವಳು ಹೇಳಿದಳು. "ಅದು ನಂದಲ್ಲ."

"ಅದನ್ನ ತೆಗೆದ್ರೂ ನಿಂದೇ ಜಾಸ್ತಿ ಕಣಮ್ಮ."

ಅವಳು ತಲೆ ತಗ್ಗಿಸಿದಳು. ಆ ಅಮ್ಮನ ಮಾತು ಎತ್ತದೆ ಅವಳು ಸುಮ್ಮನಿದ್ದಿದ್ದರೆ ನನಗೆ ದೂರಲು ಒಂದು ಕಾರಣವಾದರೂ ಉಳಿಯುತ್ತಿತ್ತು.

ನನ್ನ ಕುರ್ಚಿಯನ್ನು ಎದುರು ಸಾಲಿಗೆ ಹಾಕಿದರು, ಇಂಗ್ಲಿಷ್ ಹುಡುಗರ ನಡುವೆ. ನನ್ನ ಇಂಗ್ಲಿಷ್ ಚೆನ್ನಾಗಿಯೇ ಇದೆ. ದೂರುಗಳು ಬರುತ್ತವೆ, ಉದ್ದವಾಗಿ, ಎಲ್ಲಾ ವಿವರಗಳ ಜೊತೆ. ನಾನೂ ವಿವರವಾಗಿ ಉತ್ತರಿಸುತ್ತೇನೆ. ಯಾರೂ ಕಿರುಚುತ್ತೀರಾ ಎನ್ನುವುದಿಲ್ಲ. ಕೆಲಸ ಸುಲಭ. ಅಲ್ಲಿಂದ ಅವಳ ಬೆನ್ನು ಕಾಣುತ್ತದೆ. ಮೆಷಿನ್ನು ಈಗ ದಿನವೆಲ್ಲಾ Namaskara, heli ಎಂದು ಹೇಳುತ್ತಿರುತ್ತದೆ, ಕನ್ನಡ ಲಿಪಿಯಲ್ಲಿ ಬಂದವರಿಗೆ "ನಮಸ್ಕಾರ, ಹೇಳಿ" ಎನ್ನುತ್ತದೆ, ಯಾರಾದರೂ ನಡುವೆ ಲಿಪಿ ಬದಲಾಯಿಸಿದರೆ ತಾನೂ ಬದಲಾಗುತ್ತದೆ. ಆ ಬದಲಾಗುವುದು ನನ್ನದು. ಅದು ನನ್ನದೆಂದು ಯಾರಿಗೂ ಗೊತ್ತಾಗುವ ಹಾಗಿಲ್ಲ, ಸರಿಯಾಗಿ ನಡೆದದ್ದು ಕಣ್ಣಿಗೆ ಬೀಳುವುದಿಲ್ಲ. ಅವಳ ಎರಡು ಪದಗಳು ಮಾತ್ರ ಎಲ್ಲರ ಫೋನಿನಲ್ಲೂ ಕಾಣುತ್ತವೆ.

ಕಳೆದ ವಾರ ಒಂದು ಮೆಸೇಜು ದಾರಿ ತಪ್ಪಿ ಇಂಗ್ಲಿಷ್ ಕಡೆಗೆ ಬಂತು. nmskra. ಸ್ವರಗಳನ್ನು ನುಂಗಿದ್ದರಿಂದ ಮೆಷಿನ್ನಿಗೆ ಕನ್ನಡವೆಂದು ತಿಳಿದಿಲ್ಲ, ಇಂಗ್ಲಿಷ್ ಅಕ್ಷರ ನೋಡಿ ನಮ್ಮ ಸಾಲಿಗೆ ತಳ್ಳಿದೆ. ಇಂಥದ್ದು ಬಂದರೆ ಕನ್ನಡದ ಟೇಬಲ್ಲಿಗೆ ಕಳಿಸುವ ಒಂದು ಗುಂಡಿ ಇದೆ. ಪಕ್ಕದ ಹುಡುಗ, "ಮೇಡಂ, ನಿಮ್ ಹಳೇ ಊರಿಂದ ಬಂದಿದೆ. ದಾಟಿಸ್ಬಿಡಿ," ಅಂದ.

ಗುಂಡಿಯ ಮೇಲೆ ಬೆರಳಿಟ್ಟೆ. ಆ ಕಡೆ ಯಾರೋ ಒಬ್ಬರು ನನ್ನ ಹೊಸ್ತಿಲಲ್ಲಿ ನಿಂತು ಕರೆದು ಕಾಯುತ್ತಿದ್ದರು. ಬೆರಳು ತೆಗೆದೆ. namaskara heli ಎಂದು ಬರೆದೆ. ಎಲ್ಲಾ ಸಣ್ಣಕ್ಷರ. ಅಲ್ಪವಿರಾಮವೂ ಇಲ್ಲ, ಚುಕ್ಕಿಯೂ ಇಲ್ಲ. ಕಳಿಸುವ ಮೊದಲು ಏಕಾರ, ಳಕಾರ ಎರಡೂ ಕಣ್ಣಿಗೆ ಕುಕ್ಕಿದವು. ಹಾಗೇ ಕಳಿಸಿದೆ.

ಟಿಂಗ್. amma ge kannu urita ide nale barbahuda.

ಈ ಉತ್ತರದಿಂದ ಮೆಷಿನ್ನಿಗೆ ಕನ್ನಡವೆಂದು ತಿಳಿದು ಅವಳ ಸ್ಕ್ರೀನಿನಲ್ಲೂ ಇದು ಕಾಣಿಸಿರಬೇಕು, ಕನ್ನಡದ ಮಾತುಕತೆಗಳೆಲ್ಲಾ ಈಗ ಅವಳ ಉಸ್ತುವಾರಿ. ಕುರ್ಚಿ ತಿರುಗಿಸಿ ಸಾಲಿನ ಆಚೆಯಿಂದ ನನ್ನನ್ನು ನೋಡಿದಳು.

"ಅಕ್ಕಾರ, ಅದು ನನ್ನ ಕಡೀದು ರೀ."

"ಗೊತ್ತು," ಅಂದೆ.

ಅವಳು ಕೈ ಚಾಚಲಿಲ್ಲ, ಕಳಿಸಿ ಎಂದೂ ಹೇಳಲಿಲ್ಲ. ನಾನು ತಲೆ ಎತ್ತದೆ barbahudu ಎಂದು ಟೈಪ್ ಮಾಡಿದೆ, ಆ ಕಡೆಯವರು ಬರೆದ ಹಾಗೆಯೇ, ನಾಳೆ ಎಷ್ಟು ಹೊತ್ತಿಗೆ ಅನುಕೂಲ ಎಂದು ಕೇಳಿದೆ, ಮತ್ತು ಆ ಮಾತು ಮುಗಿಯುವ ತನಕ ಅದನ್ನು ಯಾರಿಗೂ ಕೊಡಲಿಲ್ಲ.